ಎರಡು ಪಿನ್ನಿನಲ್ಲಿ ಒಂದೇ ಯಾಕೆ ಸುಟ್ಟಿತು? ತೀರ್ಥಹಳ್ಳಿ ಕಡೆಯ ಒಂದು ಗೀಸರ್ ಸಾಕೆಟ್‌ನ ಪ್ರಕರಣ

ಆಷಾಢದ ಮಳೆ ಹಿಡಿದು ಕೂತಿದ್ದ ದಿನ. ತೀರ್ಥಹಳ್ಳಿಯಿಂದ ಆಗುಂಬೆ ಕಡೆ ಹೋಗುವ ರಸ್ತೆಯಿಂದ ಒಳಗಿರುವ ಒಂದು ತೋಟದ ಮನೆಯಿಂದ ಫೋನ್ ಬಂತು. ಮಾತಾಡಿದ್ದು ಮನೆಯ ಹಿರಿಯಮ್ಮ. "ಎರಡು ದಿನದಿಂದ ಬಚ್ಚಲ ಹತ್ರ ಮೀನಿನ ವಾಸನೆ ಬರ್ತಾ ಉಂಟು ಮಾರಾಯ. ನಮ್ಮನೇಲಿ ಮೀನು ತಿನ್ನೋರು ಯಾರೂ ಇಲ್ಲ. ಇಲಿ ಸತ್ತಿದ್ಯಾ ಅಂತ ಹುಡುಕಿ ಹುಡುಕಿ ಸಾಕಾಯ್ತು. ಕಡೆಗೆ ನೋಡಿದ್ರೆ ಗೀಸರ್ ಬೋರ್ಡಿನಿಂದ ಬರ್ತಾ ಉಂಟು."

ನಾನು ಕೇಳಿದ್ದು ಒಂದೇ ಪ್ರಶ್ನೆ. ಗೀಸರ್ ಆಫ್ ಮಾಡಿದೀರಾ? ಹಿಂದಿನ ದಿನವೇ ಮಾಡಿದ್ದರು. ಒಳ್ಳೇದಾಯ್ತು. ಯಾಕೆಂದರೆ ಮೀನಿನ ವಾಸನೆ ಅಂತ ಯಾರಾದರೂ ಹೇಳಿದರೆ ನನಗೆ ಮೊದಲು ನೆನಪಾಗುವುದು ಸಾಕೆಟ್. ಸ್ವಿಚ್, ಸಾಕೆಟ್, ಪ್ಲಗ್‌ಗಳಲ್ಲಿ ಬಳಸುವ ಕೆಲವು ಗಟ್ಟಿ ಪ್ಲಾಸ್ಟಿಕ್‌ಗಳು ಮಿತಿ ಮೀರಿ ಬಿಸಿಯಾದಾಗ ಹೊಗೆ ಕಾಣುವುದಕ್ಕಿಂತ ಮುಂಚೆಯೇ ಹಸಿ ಮೀನಿನಂಥ ವಾಸನೆ ಬಿಡುತ್ತವೆ. ಮೀನಿನ ಅಡುಗೆ ಮಾಡುವ ಮನೆಯಾಗಿದ್ದರೆ ಈ ಸುಳಿವು ತಪ್ಪಿಹೋಗುತ್ತಿತ್ತೋ ಏನೋ. ಈ ಮನೆಯಲ್ಲಿ ಅದು ಕೂಡಲೇ ಗೊತ್ತಾಯಿತು.

ಇದು ಕಷ್ಟದ ಕೆಲಸವೇನಲ್ಲ. ಹೊಸ ಸಾಮಾನು ಸೇರಿಸಿ ಅರ್ಧ ದಿನದಲ್ಲಿ ಮುಗಿಯಿತು. ಆದರೂ ಪೂರ್ತಿ ಬರೆಯುತ್ತಿದ್ದೇನೆ, ಯಾಕೆಂದರೆ ಇದೇ ಸಾಕೆಟ್ ಎರಡು ತಿಂಗಳ ಹಿಂದೆ ಒಮ್ಮೆ ಸುಟ್ಟು, ಹೊಸದು ಹಾಕಿಸಿ, ಮತ್ತೆ ಸುಟ್ಟಿತ್ತು. ಎರಡನೇ ಸಲ ಯಾಕೆ ಸುಟ್ಟಿತು ಅನ್ನುವುದರಲ್ಲೇ ಈ ಪ್ರಕರಣದ ಜೀವ ಇದೆ.

ಕಂಡದ್ದು

ಬಚ್ಚಲು ಮನೆಯ ಹೊರಗೋಡೆಯಲ್ಲಿ, ತಲೆಯ ಎತ್ತರಕ್ಕೆ, ಒಂದು 16 ಆಂಪಿಯರ್ ಸಾಕೆಟ್, ಪಕ್ಕದಲ್ಲೇ ಸ್ವಿಚ್. ಒಳಗೆ 15 ಲೀಟರಿನ, 2000 ವ್ಯಾಟಿನ ಗೀಸರ್. ಅದರ ವಯರು ಗೋಡೆಯ ತೂತಿನಿಂದ ಹೊರಗೆ ಬಂದು, ದಪ್ಪ ತ್ರೀ-ಪಿನ್ ಪ್ಲಗ್ ಮೂಲಕ ಸಾಕೆಟ್‌ಗೆ ಸೇರಿತ್ತು.

ಬಿಳಿ ಸಾಕೆಟ್‌ನ ಬಲಗಡೆಯ ತೂತಿನ ಸುತ್ತ ಕಾಫಿ ಕಲೆಯಂಥ ಕಂದು ಬಣ್ಣ. ತೂತಿನ ಅಂಚಿನಲ್ಲಿ ಪ್ಲಾಸ್ಟಿಕ್ ಸ್ವಲ್ಪ ಉಬ್ಬಿ ಸುಕ್ಕಾಗಿತ್ತು. ಎಡಗಡೆಯ ತೂತು ಹೊಸದರ ಹಾಗೇ ಬಿಳಿ. ಎದುರು ನಿಂತು ನೋಡಿದಾಗ, ಅರ್ತಿನ ದೊಡ್ಡ ತೂತು ಮೇಲಿದ್ದರೆ, ಬಲಗಡೆಯದು ಫೇಸ್, ಎಡಗಡೆಯದು ನ್ಯೂಟ್ರಲ್. ಟೆಸ್ಟರ್ ಇಟ್ಟು ನೋಡಿದೆ. ಇಲ್ಲೂ ಹಾಗೇ ಇತ್ತು.

ಸ್ವಿಚ್ ಆಫ್ ಇರುವುದನ್ನು ಖಚಿತ ಮಾಡಿಕೊಂಡು ಪ್ಲಗ್ ತೆಗೆದೆ. ತೆಗೆದೆ ಅನ್ನುವುದಕ್ಕಿಂತ, ಕೈ ಹಾಕಿದ ಕೂಡಲೇ ಅದೇ ಬಂತು. 16 ಆಂಪಿಯರಿನ ಪ್ಲಗ್ ಹೀಗೆ ಬರಬಾರದು. ಇನ್ನೊಂದು ಕೈಯಿಂದ ಸಾಕೆಟ್ ಒತ್ತಿ ಹಿಡಿದು ಎಳೆಯಬೇಕಾಗುವಷ್ಟು ಬಿಗಿ ಇರಬೇಕು.

ಪ್ಲಗ್ಗನ್ನು ಬೆಳಕಿಗೆ ಹಿಡಿದೆ. ನ್ಯೂಟ್ರಲ್ ಪಿನ್ನು ಹೊಳೆಯುತ್ತಿತ್ತು. ಅದರ ಮೇಲೆ, ಸಾಕೆಟ್ ಒಳಗೆ ಪಿನ್ನನ್ನು ಕಚ್ಚಿ ಹಿಡಿಯುವ ಸ್ಪ್ರಿಂಗ್ ಉಜ್ಜಿದ ಎರಡು ಉದ್ದ ಗೆರೆ ಕಾಣುತ್ತಿದ್ದವು. ಫೇಸ್ ಪಿನ್ನು ತುದಿಯಿಂದ ಅರ್ಧದವರೆಗೆ ಕಪ್ಪು. ಕಪ್ಪು ಮುಗಿಯುವಲ್ಲಿ ನೇರಳೆ ಛಾಯೆಯ ಒಂದು ಉಂಗುರ. ಉಗುರಿನಿಂದ ಗೀರಿದರೆ ತರಿತರಿ. ಒಂದು ಕಡೆ ಸೂಜಿಮೊನೆಯಷ್ಟು ಸಣ್ಣ ಸಣ್ಣ ಗುಳಿಗಳು. ಈ ಗುಳಿಗಳು ಕಿಡಿಯ ಗುರುತು. ಸಂಪರ್ಕ ಬಿಟ್ಟು ಬಿಟ್ಟು ಹಿಡಿಯುವಾಗ ಹಾರುವ ಸಣ್ಣ ಕಿಡಿ ಲೋಹವನ್ನು ಹೀಗೆ ತಿನ್ನುತ್ತದೆ.

ಮನೆಯ ಯಜಮಾನರು ಪಕ್ಕದಲ್ಲಿ ನಿಂತಿದ್ದರು. "ಗೀಸರ್ ಜಾಸ್ತಿ ಕರೆಂಟ್ ಎಳೀತಿರಬೇಕು, ಅಲ್ವಾ? ಹಾಗಾದ್ರೆ ಎಂಸಿಬಿ ಯಾಕೆ ಬೀಳಲಿಲ್ಲ?" ಅಂತ ಕೇಳಿದರು.

ಒಳ್ಳೆಯ ಪ್ರಶ್ನೆ. ಅದಕ್ಕೆ ಉತ್ತರ ಆ ಪ್ಲಗ್ಗಿನಲ್ಲೇ ಇತ್ತು.

ಎರಡು ಪಿನ್, ಒಂದೇ ಕರೆಂಟ್

ಗೀಸರಿಗೆ ಫೇಸ್ ಪಿನ್ನಿನಿಂದ ಎಷ್ಟು ಕರೆಂಟ್ ಹೋಗುತ್ತದೋ ನ್ಯೂಟ್ರಲ್ ಪಿನ್ನಿನಿಂದ ಅಷ್ಟೇ ವಾಪಸ್ ಬರುತ್ತದೆ. ಒಂದರಲ್ಲಿ ಜಾಸ್ತಿ, ಇನ್ನೊಂದರಲ್ಲಿ ಕಮ್ಮಿ ಅಂತ ಇಲ್ಲ. ಎರಡೂ ಪಿನ್ನು ಒಂದೇ ಗಾತ್ರ, ಒಂದೇ ಲೋಹ. ಕರೆಂಟ್ ಜಾಸ್ತಿಯಾಗಿ ಸುಟ್ಟಿದ್ದರೆ ಎರಡೂ ಸುಡಬೇಕಿತ್ತು. ವಯರೂ ಉದ್ದಕ್ಕೂ ಬೆಚ್ಚಗಾಗಬೇಕಿತ್ತು. ಇಲ್ಲಿ ಒಂದು ಪಿನ್ನು ಹೊಳೆಯುತ್ತಿದೆ, ಇನ್ನೊಂದು ಕರಕಲಾಗಿದೆ. ಅಂದರೆ ವ್ಯತ್ಯಾಸ ಇರುವುದು ಕರೆಂಟಿನಲ್ಲಲ್ಲ, ಆ ಕರೆಂಟ್ ದಾಟುವ ಜಾಗದಲ್ಲಿ.

ಬಿಸಿಯ ಲೆಕ್ಕ ಸರಳ: P = I²R. ಕರೆಂಟನ್ನು ಅದರಿಂದಲೇ ಗುಣಿಸಿ, ಆಮೇಲೆ ಆ ಜಾಗದ ಪ್ರತಿರೋಧದಿಂದ ಗುಣಿಸಿದರೆ ಅಲ್ಲಿ ಎಷ್ಟು ವ್ಯಾಟ್ ಬಿಸಿ ಹುಟ್ಟುತ್ತದೆ ಅಂತ ಸಿಗುತ್ತದೆ. I ಎರಡೂ ಕಡೆ ಒಂದೇ. ಉಳಿಯುವುದು R, ಅಂದರೆ ಪಿನ್ನೂ ಸಾಕೆಟ್ ಒಳಗಿನ ಸ್ಪ್ರಿಂಗೂ ಮುಟ್ಟುವಲ್ಲಿ ಇರುವ ಪ್ರತಿರೋಧ.

ಅದನ್ನು ಅಳೆದೇ ನೋಡಿದೆ. ಮನೆಯವರು ಇದನ್ನು ಮಾಡಲು ಹೋಗಲೇಬಾರದು. ತೆರೆದ ಲೈವ್ ಟರ್ಮಿನಲ್ ಮೇಲೆ ಮೀಟರ್ ಕಡ್ಡಿ ಇಡುವ ಕೆಲಸ ಅದು. ಮೇನ್ ಆಫ್ ಮಾಡಿ ಸಾಕೆಟನ್ನು ಬಾಕ್ಸಿನಿಂದ ಹೊರಗೆ ಎಳೆದೆ, ಪ್ಲಗ್ಗಿನ ಮೇಲ್ಮುಚ್ಚಳ ಬಿಚ್ಚಿ ಪಿನ್ನುಗಳಿರುವ ಬುಡವನ್ನು ಮಾತ್ರ ಮತ್ತೆ ಸಾಕೆಟ್‌ಗೆ ಹಾಕಿದೆ. ಎಲ್ಲರನ್ನೂ ದೂರ ನಿಲ್ಲಿಸಿ, ಒಣ ಹಲಗೆಯ ಮೇಲೆ ನಿಂತು, ಗ್ಲೌಸ್ ಹಾಕಿಕೊಂಡು ಗೀಸರ್ ಆನ್ ಮಾಡಿದೆ.

ಕ್ಲಾಂಪ್ ಮೀಟರ್ ತೋರಿಸಿದ್ದು 8.4 ಆಂಪಿಯರ್, ವೋಲ್ಟೇಜ್ 222. 2000 ವ್ಯಾಟ್ ಗೀಸರ್ 230 ವೋಲ್ಟಿಗೆ 8.7 ಆಂಪಿಯರ್ ತೆಗೆದುಕೊಳ್ಳುತ್ತದೆ. ವೋಲ್ಟೇಜ್ ಸ್ವಲ್ಪ ಕಮ್ಮಿ ಇದ್ದಿದ್ದರಿಂದ ಕರೆಂಟೂ ಸ್ವಲ್ಪ ಕಮ್ಮಿ. ಗೀಸರಿನಲ್ಲಿ ಯಾವ ದೋಷವೂ ಇರಲಿಲ್ಲ. 16 ಆಂಪಿಯರಿನ ಸಾಕೆಟ್‌ಗೆ ಇದು ಅರ್ಧದಷ್ಟು ಹೊರೆ ಮಾತ್ರ.

ಆಮೇಲೆ ಒಂದು ಕಡ್ಡಿಯನ್ನು ಸಾಕೆಟ್ ಹಿಂದಿನ ಫೇಸ್ ಸ್ಕ್ರೂ ಮೇಲೆ, ಇನ್ನೊಂದನ್ನು ಪ್ಲಗ್ಗಿನ ಫೇಸ್ ಸ್ಕ್ರೂ ಮೇಲೆ ಇಟ್ಟೆ. ಇವೆರಡರ ನಡುವೆ ಇರುವುದು ಒಂದು ಸ್ಪ್ರಿಂಗು, ಒಂದು ಪಿನ್ನು. ಅಲ್ಲಿ ವೋಲ್ಟೇಜ್ ಇಳಿತ ಲೆಕ್ಕಕ್ಕೆ ಸಿಗದಷ್ಟು ಸಣ್ಣದಿರಬೇಕು. ಮೀಟರ್ ತೋರಿಸಿದ್ದು 1.6 ವೋಲ್ಟ್. ನ್ಯೂಟ್ರಲ್ ಕಡೆ ಅದೇ ರೀತಿ ಇಟ್ಟರೆ 0.04 ವೋಲ್ಟ್. ನಲವತ್ತು ಪಟ್ಟು ವ್ಯತ್ಯಾಸ.

1.6 ವೋಲ್ಟನ್ನು 8.4 ಆಂಪಿಯರಿನಿಂದ ಗುಣಿಸಿದರೆ ಸುಮಾರು 13 ವ್ಯಾಟ್. ಕೇಳಲು ಸಣ್ಣದು. ಆದರೆ ಹಿಂದೆ ದೇವರ ಮನೆಯಲ್ಲಿ ಉರಿಯುತ್ತಿದ್ದ ಜೀರೋ ಬಲ್ಬ್ ನೆನಪಿಸಿಕೊಳ್ಳಿ. ಅದು ತಿನ್ನುತ್ತಿದ್ದುದೂ ಹೆಚ್ಚುಕಮ್ಮಿ ಇಷ್ಟೇ ವ್ಯಾಟು. ಉರಿಯುವಾಗ ಅದನ್ನು ಕೈಯಲ್ಲಿ ಹಿಡಿಯಲು ಆಗುತ್ತಿರಲಿಲ್ಲ. ಆ ಬಲ್ಬಿಗಾದರೆ ಸುತ್ತ ಗಾಳಿ ಇತ್ತು. ಇಲ್ಲಿ ಅಷ್ಟೂ ಬಿಸಿ ಒಂದು ಶೇಂಗಾ ಬೀಜದಷ್ಟು ಜಾಗದಲ್ಲಿ, ಗೋಡೆಯೊಳಗಿನ ಮುಚ್ಚಿದ ಡಬ್ಬದಲ್ಲಿ, ಪ್ಲಾಸ್ಟಿಕ್ಕಿನ ನಡುವೆ ಹುಟ್ಟುತ್ತಿದೆ. ನ್ಯೂಟ್ರಲ್ ಕಡೆಯ ಲೆಕ್ಕ ಮಾಡಿದರೆ ವ್ಯಾಟಿನ ಮೂರನೇ ಒಂದು ಪಾಲು. ಅದು ಯಾರಿಗೂ ತಿಳಿಯುವುದಿಲ್ಲ.

ಮೀಟರ್ ನೋಡುತ್ತಲೇ ಪ್ಲಗ್ಗಿನ ವಯರನ್ನು ಮರದ ಕೋಲಿನಿಂದ ಸ್ವಲ್ಪ ಎತ್ತಿದೆ. 1.6 ಇದ್ದದ್ದು 2.3ಕ್ಕೆ ಏರಿತು. ಪ್ಲಗ್ಗನ್ನು ಅದೇ ಕೋಲಿನಿಂದ ಒಳಕ್ಕೆ ಒತ್ತಿದರೆ 0.6ಕ್ಕೆ ಇಳಿಯಿತು. ಲೂಸ್ ಕಾಂಟ್ಯಾಕ್ಟ್ ಅನ್ನುವುದಕ್ಕೆ ಇದಕ್ಕಿಂತ ಗಟ್ಟಿ ಸಾಕ್ಷಿ ಬೇಕಿಲ್ಲ. ಕರೆಂಟ್ 8.4ರಲ್ಲೇ ಇದೆ. ಕೋಲು ಮುಟ್ಟಿಸಿದರೆ ಬಿಸಿ ಮಾತ್ರ ಏರಿಳಿಯುತ್ತಿದೆ.

ಎಂಸಿಬಿ ಯಾಕೆ ಬೀಳಲಿಲ್ಲ ಅನ್ನುವುದೂ ಇಲ್ಲೇ ಸಿಕ್ಕಿತು. ಎಂಸಿಬಿ ನೋಡುವುದು ಕರೆಂಟ್ ಜಾಸ್ತಿ ಆಯಿತಾ ಅಂತ. ಇಲ್ಲಿ ಕರೆಂಟ್ ಜಾಸ್ತಿ ಆಗಿಲ್ಲ. ಗೀಸರಿನ ಕಾಯಿಲ್ ಸುಮಾರು 26 ಓಮ್. ಅದರ ಜೊತೆಗೆ ಈ ಕೆಟ್ಟ ಸಂಪರ್ಕದ 0.19 ಓಮ್ ಸೇರಿದರೆ ಒಟ್ಟು ಕರೆಂಟ್ ಒಂದು ಕೂದಲೆಳೆಯಷ್ಟು ಕಮ್ಮಿಯೇ ಆಗುತ್ತದೆ. ಆರ್‌ಸಿಸಿಬಿ ನೋಡುವುದು ಕರೆಂಟ್ ಬೇರೆ ಕಡೆ ಸೋರಿತಾ ಅಂತ. ಸೋರಿಕೆಯೂ ಇಲ್ಲ. ಮನೆಯಲ್ಲಿ ಎರಡೂ ಇದ್ದವು, ಎರಡೂ ಸರಿಯಾಗಿದ್ದವು. ಈ ರೋಗವನ್ನು ಕಾಣುವ ಕಣ್ಣು ಅವಕ್ಕಿಲ್ಲ. ನೀರೂ ಎಂದಿನ ಹಾಗೇ ಕಾಯುತ್ತದೆ. ಹಾಗಾಗಿ ಮನುಷ್ಯರ ಮೂಗು, ಕಣ್ಣು, ಕೈ ಬಿಟ್ಟರೆ ಇದನ್ನು ಹಿಡಿಯುವುದು ಆ ಮನೆಯಲ್ಲಿ ಬೇರೆ ಯಾವುದೂ ಇರಲಿಲ್ಲ.

ಇಪ್ಪತ್ತು ನಿಮಿಷದ ನಂತರ, ಮುಟ್ಟದೆ ಬಿಸಿ ಅಳೆಯುವ ಇನ್‌ಫ್ರಾರೆಡ್ ಗನ್ನಿನಿಂದ ಸಾಕೆಟ್‌ನ ಮುಖ ನೋಡಿದೆ. ಫೇಸ್ ತೂತಿನ ಹತ್ತಿರ 74 ಡಿಗ್ರಿ, ನ್ಯೂಟ್ರಲ್ ಹತ್ತಿರ 39. ಹೊರಗಿನ ಗಾಳಿ 23. ನ್ಯೂಟ್ರಲ್ ಕಡೆಯ 39 ಕೂಡ ಅದರ ಸ್ವಂತದ್ದಲ್ಲ, ಪಕ್ಕದ ಬಿಸಿ ಹರಿದು ಬಂದದ್ದು. ಈ ಗನ್ ಬಳಸುವವರಿಗೆ ಒಂದು ಮಾತು: ಹೊಳೆಯುವ ಹಿತ್ತಾಳೆ ಪಿನ್ನಿನ ಮೇಲೆ ಗುರಿ ಇಟ್ಟರೆ ಅದು ತೀರಾ ಕಮ್ಮಿ ತೋರಿಸುತ್ತದೆ. ಪ್ಲಾಸ್ಟಿಕ್ ಮೇಲೆ ಇಡಬೇಕು, ಇಲ್ಲವೇ ಲೋಹದ ಮೇಲೆ ಕಪ್ಪು ಟೇಪ್ ಅಂಟಿಸಿ ಅದರ ಮೇಲೆ ಇಡಬೇಕು. ಸಾಕೆಟ್‌ಗಳ ಪರೀಕ್ಷೆಯಲ್ಲಿ ಒಳಗಿನ ಟರ್ಮಿನಲ್‌ನ ಬಿಸಿ ಸುತ್ತಲ ಗಾಳಿಗಿಂತ 45 ಡಿಗ್ರಿವರೆಗೆ ಮಾತ್ರ ಏರಬಹುದು ಅಂತ ಮಿತಿ ಇದೆ. ಇಲ್ಲಿ ಹೊರಮುಖವೇ 51 ಡಿಗ್ರಿ ಏರಿತ್ತು. ಒಳಗೆ ಅದಕ್ಕಿಂತ ಎಷ್ಟೋ ಜಾಸ್ತಿ.

ಮುಟ್ಟಿದಂತೆ ಕಂಡರೂ ಮುಟ್ಟಿಲ್ಲ

ಪಿನ್ನು ಸಾಕೆಟ್ ಒಳಗೆ ಹೋಗಿದೆ, ಗೀಸರ್ ನಡೆಯುತ್ತಿದೆ. ಹಾಗಾದರೆ ಸಂಪರ್ಕ ಸರಿ ಇದೆ ಅಂತ ತಾನೇ? ಎಲ್ಲರಿಗೂ ಬರುವ ಯೋಚನೆ ಇದು.

ಎರಡು ಜಂಬಿಟ್ಟಿಗೆ ಕಲ್ಲನ್ನು ಗಾರೆ ಇಲ್ಲದೆ ಒಂದರ ಮೇಲೊಂದು ಇಡಿ. ದೂರದಿಂದ ನೋಡಿದರೆ ಪೂರ್ತಿ ಕೂತ ಹಾಗೆ ಕಾಣುತ್ತದೆ. ಹತ್ತಿರ ಹೋಗಿ ನೋಡಿದರೆ ಅಲ್ಲೊಂದು ಇಲ್ಲೊಂದು ಉಬ್ಬು ಮಾತ್ರ ಮುಟ್ಟಿರುತ್ತದೆ. ಉಳಿದದ್ದೆಲ್ಲ ಸಂದು. ಲೋಹವೂ ಹಾಗೇ. ಕಣ್ಣಿಗೆ ನುಣುಪಾಗಿ ಕಂಡರೂ ಅದರ ಮೈ ತುಂಬ ಸಣ್ಣ ಸಣ್ಣ ಏರುತಗ್ಗು. ಪಿನ್ನೂ ಸ್ಪ್ರಿಂಗೂ ನಿಜವಾಗಿ ಮುಟ್ಟುವುದು ಆ ಏರುಗಳ ತುದಿಯಲ್ಲಿ. ಕರೆಂಟ್ ಎಲ್ಲಾ ಆ ತುದಿಗಳ ಮೂಲಕವೇ ದಾಟಬೇಕು. ಮಳೆಗಾಲದಲ್ಲಿ ಊರಿನವರೆಲ್ಲ ಒಂದೇ ಸಂಕದ ಮೇಲೆ ಹಳ್ಳ ದಾಟಿದ ಹಾಗೆ.

ಸ್ಪ್ರಿಂಗಿನ ಕೆಲಸ ಏನೆಂದರೆ ಬಿಗಿಯಾಗಿ ಒತ್ತುವುದು. ಒತ್ತಿದಾಗ ಆ ತುದಿಗಳು ಚಪ್ಪಟೆಯಾಗಿ ಮುಟ್ಟುವ ಜಾಗ ಜಾಸ್ತಿಯಾಗುತ್ತದೆ, ಸಂಕಗಳ ಸಂಖ್ಯೆ ಏರುತ್ತದೆ. ಬಿಗಿ ಕಮ್ಮಿಯಾದರೆ ಮುಟ್ಟುವ ಜಾಗವೂ ಕಮ್ಮಿ, ಪ್ರತಿರೋಧ ಜಾಸ್ತಿ, ಬಿಸಿ ಜಾಸ್ತಿ.

ಕೆಟ್ಟದ್ದು ಶುರುವಾಗುವುದು ಇಲ್ಲಿಂದ. ಹಿತ್ತಾಳೆ, ಕಂಚಿನ ಸ್ಪ್ರಿಂಗ್ ಪದೇ ಪದೇ ಬಿಸಿಯಾದರೆ ಅದರ ಬಿಗಿ ಹೋಗುತ್ತದೆ. ಬಾಗಿಸಿದಲ್ಲೇ ನಿಂತುಬಿಡುತ್ತದೆ, ವಾಪಸ್ ಪುಟಿಯುವುದಿಲ್ಲ. ಜೊತೆಗೆ ಬಿಸಿ ಲೋಹ ಗಾಳಿಯೊಂದಿಗೆ ಸೇರಿ ಮೇಲೆ ಕಪ್ಪು ಪದರ ಕಟ್ಟುತ್ತದೆ. ಆ ಪದರ ಕರೆಂಟನ್ನು ಸರಿಯಾಗಿ ಬಿಡುವುದಿಲ್ಲ. ಬಿಗಿ ಇನ್ನೂ ಕಮ್ಮಿ, ಪದರ ಇನ್ನೂ ದಪ್ಪ, ಬಿಸಿ ಇನ್ನೂ ಜಾಸ್ತಿ. ತಾನಾಗಿ ಸರಿಹೋಗುವ ದಾರಿಯೇ ಇದಕ್ಕಿಲ್ಲ. "ಎರಡು ತಿಂಗಳಿಂದ ಸ್ವಲ್ಪ ಬೆಚ್ಚಗಾಗ್ತಿತ್ತು, ಮೊನ್ನೆಯಿಂದ ಒಮ್ಮೆಲೇ ಜಾಸ್ತಿ ಆಯ್ತು" ಅಂತ ಜನ ಹೇಳುವುದು ಇದಕ್ಕೇ. ಈ ಮನೆಯ ಸೊಸೆಯೂ ಹೆಚ್ಚುಕಮ್ಮಿ ಅದೇ ಮಾತು ಹೇಳಿದರು.

ಮೊನ್ನೆಯಿಂದಲೇ ಯಾಕೆ ಅನ್ನುವುದಕ್ಕೂ ಕಾರಣ ಸಿಕ್ಕಿತು. 15 ಲೀಟರ್ ನೀರನ್ನು 20 ಡಿಗ್ರಿಯಿಂದ 60ಕ್ಕೆ ಕಾಯಿಸಲು 2000 ವ್ಯಾಟಿಗೆ ಸುಮಾರು 21 ನಿಮಿಷ ಬೇಕು. ಬೇಸಿಗೆಯಲ್ಲಿ ಈ ಮನೆಯವರು ಹಂಡೆ ನೀರೇ ಬಳಸುತ್ತಾರೆ, ಗೀಸರ್ ದಿನಕ್ಕೆ ಒಂದೆರಡು ಸಲ. ಮಳೆ ಹಿಡಿದ ಮೇಲೆ ಸೌದೆ ಒದ್ದೆ, ಬಚ್ಚಲ ಒಲೆ ಹೊತ್ತುವುದಿಲ್ಲ. ಆ ವಾರ ಮಗಳ ಮನೆಯವರೂ ಬಂದಿದ್ದರು. ಬೆಳಿಗ್ಗೆ ಎಂಟು ಜನರ ಸ್ನಾನ. ಒಬ್ಬರ ಹಿಂದೆ ಒಬ್ಬರು, ಎರಡು ಗಂಟೆ ಗೀಸರ್ ಹೆಚ್ಚುಕಮ್ಮಿ ಬಿಡುವಿಲ್ಲದೆ ನಡೆದಿತ್ತು. ಇಪ್ಪತ್ತು ನಿಮಿಷಕ್ಕೆ ಬಿಸಿಯಾಗಿ ಮತ್ತೆ ತಣಿಯುತ್ತಿದ್ದ ಸಂಪರ್ಕಕ್ಕೆ ತಣಿಯುವ ಸಮಯವೇ ಸಿಗಲಿಲ್ಲ.

ಹೊಸ ಸಾಕೆಟ್ ಯಾಕೆ ಸುಟ್ಟಿತು

ಮೇ ಕೊನೆಯಲ್ಲಿ ಹಳೆಯ ಸಾಕೆಟ್ ಕಂದಾಗಿತ್ತಂತೆ. ಪೇಟೆಯಿಂದ ಒಬ್ಬರನ್ನು ಕರೆಸಿ ಹೊಸದು ಹಾಕಿಸಿದ್ದರು. ಒಳ್ಳೆಯ ಸಾಕೆಟ್ಟೇ, ಐಎಸ್‌ಐ ಗುರುತು ಇತ್ತು. "ಹೊಸ ಸಾಮಾನೂ ಹೀಗೆ ಆದ್ರೆ ಎಂತ ಮಾಡೋದು ಹೇಳಿ?" ಅಂತ ಯಜಮಾನರು ಬೇಸರದಿಂದ ಕೇಳಿದರು.

ಹಳೇ ಸಾಕೆಟ್ ಬಿಸಾಡಿದ್ರಾ ಅಂತ ಕೇಳಿದೆ. ಹಿರಿಯಮ್ಮ ಒಳಗೆ ಹೋಗಿ ಒಂದು ಬಿಸ್ಕೆಟ್ ಡಬ್ಬ ತಂದರು. ಮೊಳೆ, ಬಲ್ಬ್ ಹೋಲ್ಡರ್‌ಗಳ ನಡುವೆ ಅದು ಇತ್ತು. ಎರಡನ್ನೂ ಜಗುಲಿಯ ಮೇಲೆ ಪಕ್ಕಪಕ್ಕ ಇಟ್ಟೆವು.

ಎರಡರಲ್ಲೂ ಸುಟ್ಟದ್ದು ಬಲಗಡೆಯ ತೂತು. ಎರಡೂ ಬೇರೆ ಕಂಪನಿಯವು, ಹಾಕಿದವರೂ ಬೇರೆ ಬೇರೆ. ಎರಡಕ್ಕೂ ಸಾಮಾನ್ಯವಾಗಿದ್ದದ್ದು ಎರಡೇ ವಸ್ತು: ಗೋಡೆಯಿಂದ ಬಂದ ಫೇಸ್ ವಯರು ಮತ್ತು ಗೀಸರಿನ ಪ್ಲಗ್. ಮೇ ತಿಂಗಳಲ್ಲಿ ಪ್ಲಗ್ ಬದಲಿಸಿರಲಿಲ್ಲ. "ಪಿನ್ನು ಕಪ್ಪಾಗಿತ್ತು, ಅವರು ಸ್ಯಾಂಡ್ ಪೇಪರಿನಲ್ಲಿ ತಿಕ್ಕಿ ಹೊಳೆಯುವ ಹಾಗೆ ಮಾಡಿಕೊಟ್ಟರು" ಅಂತ ಸೊಸೆ ಹೇಳಿದರು.

ನನಗೆ ಅಲ್ಲಿ ಎಲ್ಲಾ ಅರ್ಥವಾಯಿತು. ಹೀಗೆ ತಿಕ್ಕುವುದನ್ನು ನಾನು ತುಂಬಾ ಕಡೆ ನೋಡಿದ್ದೇನೆ. ಒಳ್ಳೆಯ ಮನಸ್ಸಿನಿಂದಲೇ ಮಾಡುತ್ತಾರೆ, ಆದರೆ ಅದರಿಂದ ಕೆಡುಕೇ ಜಾಸ್ತಿ. ತುಂಬಾ ಪಿನ್ನುಗಳ ಹಿತ್ತಾಳೆಯ ಮೇಲೆ ನಿಕಲ್‌ನ ತೆಳು ಲೇಪ ಇರುತ್ತದೆ. ಬೇಗ ಕಪ್ಪಾಗದ ಹಾಗೆ ಕಾಯುವುದು ಅದೇ. ತಿಕ್ಕಿದರೆ ಕಪ್ಪಿನ ಜೊತೆ ಆ ಲೇಪವೂ ಹೋಗುತ್ತದೆ. ಗುಳಿಗಳು ಹೋಗುವುದಿಲ್ಲ. ಅವು ಹೋಗುವವರೆಗೂ ತಿಕ್ಕಿದರೆ ಪಿನ್ನೇ ಸಣ್ಣದಾಗಿ ಇನ್ನೂ ಸಡಿಲವಾಗುತ್ತದೆ. ತರಿತರಿಯಾದ ಪಿನ್ನು ಹೊಸ ಸ್ಪ್ರಿಂಗಿನ ಒಳಗೆ ಹೋದರೆ ಮುಟ್ಟುವುದು ಕೆಲವೇ ತುದಿ. ಮೊದಲ ದಿನದಿಂದಲೇ ಸ್ವಲ್ಪ ಬಿಸಿ. ಆ ಬಿಸಿ ಹೊಸ ಸ್ಪ್ರಿಂಗನ್ನೂ ಮೆತ್ತಗೆ ಮಾಡುತ್ತದೆ. ರೋಗ ಪ್ಲಗ್ಗಿನಿಂದ ಸಾಕೆಟ್‌ಗೆ ಅಂಟಿದ ಹಾಗೆ. ಇದರ ತಿರುವುಮುರುವೂ ನಿಜ. ಸುಟ್ಟ ಸಾಕೆಟ್‌ಗೆ ಹೊಸ ಪ್ಲಗ್ ಹಾಕಿದರೆ ಹೊಸ ಪಿನ್ನು ಕೆಡುತ್ತದೆ. ಹಾಗಾಗಿ ಎರಡರಲ್ಲಿ ಒಂದು ಸುಟ್ಟರೂ ಬದಲಿಸುವುದು ಎರಡನ್ನೂ.

ಮೊದಲ ಸಾಕೆಟ್ ಸಡಿಲವಾದದ್ದು ಹೇಗೆ ಅನ್ನುವುದು ಉಳಿಯಿತು. ಒಂಬತ್ತು ವರ್ಷ ಸರಿಯಾಗಿ ನಡೆದಿದ್ದ ಸಾಕೆಟ್ ಅದು. ಗೀಸರ್ ಪ್ಲಗ್ಗನ್ನು ಸಾಮಾನ್ಯವಾಗಿ ಯಾರೂ ತೆಗೆದು ಹಾಕುವುದಿಲ್ಲ, ಅದು ಇದ್ದಲ್ಲೇ ಇರುತ್ತದೆ. ಇಲ್ಲಿ ಹಾಗಲ್ಲ ಅಂತ ಮೊಮ್ಮಗ ಹೇಳಿದ. ನಮ್ಮ ಕಡೆ ಏಪ್ರಿಲ್, ಮೇನಲ್ಲಿ ಸಂಜೆಯಾದರೆ ಗುಡುಗು, ಸಿಡಿಲು. ಆಕಾಶ ಕಪ್ಪಾದ ಕೂಡಲೇ ಟಿವಿ, ಫ್ರಿಜ್, ಗೀಸರ್ ಎಲ್ಲದರ ಪ್ಲಗ್ ಕೀಳುವುದು ಅವನ ಕೆಲಸವಂತೆ. ಸಾಕೆಟ್ ಎತ್ತರದಲ್ಲಿದೆ, ಅವನಿಗೆ ಕೈ ಎಟುಕುವುದು ವಯರು. ಕೆಳಗೆ ನಿಂತು ವಯರು ಹಿಡಿದು ಓರೆಯಾಗಿ ಎಳೆಯುತ್ತಿದ್ದ.

ಸಿಡಿಲಿಗೆ ಪ್ಲಗ್ ಕೀಳುವುದು ತಪ್ಪಲ್ಲ, ಮಾಡಲೇಬೇಕಾದದ್ದು, ಅದೂ ಗುಡುಗು ದೂರ ಇದ್ದಾಗಲೇ. ಆದರೆ ಓರೆ ಎಳೆದಾಗ ಪಿನ್ನು ಸನ್ನೆಗೋಲಿನ ಹಾಗೆ ಕೆಲಸ ಮಾಡಿ ಸ್ಪ್ರಿಂಗಿನ ಒಂದು ಎಲೆಯನ್ನು ಹಿಗ್ಗಿಸುತ್ತದೆ. ಹಳೆಯ ಸಾಕೆಟ್ ಒಡೆದು ನೋಡಿದೆವು. ಫೇಸ್ ಕಡೆಯ ಎರಡು ಎಲೆಗಳಲ್ಲಿ ಒಂದು ಹೊರಕ್ಕೆ ಬಾಗಿಯೇ ನಿಂತಿತ್ತು. ಹೊಸ ಪಿನ್ನೊಂದನ್ನು ತೂರಿಸಿದರೆ ನ್ಯೂಟ್ರಲ್ ಕಡೆ ಗಟ್ಟಿಯಾಗಿ ಕಚ್ಚಿತು, ಫೇಸ್ ಕಡೆ ತಾನೇ ಜಾರಿ ಬಿತ್ತು. ಹುಡುಗನ ಮುಖ ಸಣ್ಣದಾಯಿತು. ನಿನ್ನ ತಪ್ಪಲ್ಲ, ಅಷ್ಟು ಎತ್ತರಕ್ಕೆ ಸಾಕೆಟ್ ಇಟ್ಟವರು ಒಂದು ಸ್ಟೂಲನ್ನೂ ಇಡಬೇಕಿತ್ತು ಅಂದೆ.

ಮಳೆಗಾಲದ ತೇವವೂ ಕೈ ಜೋಡಿಸಿರಬಹುದು. ಬಾಕ್ಸಿನ ಸ್ಕ್ರೂಗಳಿಗೆ ತುಕ್ಕು ಹಿಡಿದಿತ್ತು, ಅರ್ತ್ ಪಿನ್ನಿನ ಬುಡದಲ್ಲಿ ಹಸಿರು ಕಿಲುಬು ಇತ್ತು. ಆದರೆ ನ್ಯೂಟ್ರಲ್ ಪಿನ್ನೂ ಅದೇ ತೇವದಲ್ಲಿದ್ದು ಹೊಳೆಯುತ್ತಿತ್ತಲ್ಲ. ಆದ್ದರಿಂದ ತೇವವನ್ನು ಮುಖ್ಯ ಕಾರಣ ಅಂತ ನಾನು ಒಪ್ಪುವುದಿಲ್ಲ.

ಸರಿಪಡಿಸಿದ್ದು

ಮೇನ್ ಆಫ್ ಮಾಡಿ, ಟೆಸ್ಟರಿನಿಂದಲೂ ಮೀಟರಿನಿಂದಲೂ ನೋಡಿ ಕೆಲಸ ಶುರು ಮಾಡಿದೆ. ಟೆಸ್ಟರ್ ಒಂದನ್ನೇ ನಂಬಬಾರದು. ಮೊದಲು ನಡೆಯುವ ಬೇರೆ ಸಾಕೆಟ್‌ನಲ್ಲಿ ಅದು ಉರಿಯುತ್ತದಾ ಅಂತ ನೋಡಿಕೊಂಡೇ ಇಲ್ಲಿ ಹಿಡಿಯಬೇಕು.

ಸಾಕೆಟ್ ಹಿಂದಿನ ಫೇಸ್ ಸ್ಕ್ರೂ ಕಾಲು ಸುತ್ತು ತಿರುಗಿತು. ಅಂದರೆ ಅಲ್ಲೂ ಸ್ವಲ್ಪ ಸಡಿಲ ಇತ್ತು. ತಾಮ್ರ ಬಿಸಿಗೆ ಹಿಗ್ಗಿ ತಣಿದಾಗ ಕುಗ್ಗುತ್ತದೆ. ದಿನಾ ಹೀಗಾದರೆ ಸ್ಕ್ರೂ ಹಿಡಿತ ಬಿಡುತ್ತದೆ. ಹಾಗಾದರೆ ಬಿಸಿ ಶುರುವಾದದ್ದು ಸ್ಕ್ರೂನಲ್ಲೋ ಪಿನ್ನಿನಲ್ಲೋ? ಕಲೆ ಎಲ್ಲಿ ಗಾಢವಾಗಿದೆ ನೋಡಬೇಕು. ಸ್ಕ್ರೂ ಮೊದಲು ಬಿಟ್ಟಿದ್ದರೆ ವಯರಿನ ತುದಿ ಕರಕಲಾಗಿರುತ್ತದೆ, ಪಿನ್ನಿನ ಮೈಯಲ್ಲಿ ಗುಳಿ ಇರುವುದಿಲ್ಲ. ಇಲ್ಲಿ ವಯರಿನ ಪ್ಲಾಸ್ಟಿಕ್ ಎರಡು ಸೆಂಟಿಮೀಟರಿನಷ್ಟು ಕಂದಾಗಿ ಗಡುಸಾಗಿತ್ತು, ಆದರೆ ಕರಗಿರಲಿಲ್ಲ. ಕಪ್ಪೂ ಗುಳಿಯೂ ಪಿನ್ನಿನ ಮೇಲಿದ್ದವು. ಬಿಸಿ ಪಿನ್ನಿನಿಂದ ಸ್ಕ್ರೂ ಕಡೆ ಹರಿದಿದೆ.

ವಯರು 2.5 ಚದರ ಮಿಲಿಮೀಟರಿನ ತಾಮ್ರ, ಈ ಹೊರೆಗೆ ಸಾಕಾದದ್ದು. ಅದರ ತುದಿಯನ್ನು ಪ್ಲಾಸ್ಟಿಕ್ ಮೆತ್ತಗಿರುವಲ್ಲಿಯವರೆಗೆ, ತಾಮ್ರ ಕೆಂಪಗೆ ಹೊಳೆಯುವಲ್ಲಿಯವರೆಗೆ ಕತ್ತರಿಸಿದೆ. ಸುಮಾರು ನಾಲ್ಕು ಸೆಂಟಿಮೀಟರ್ ಹೋಯಿತು. ಪುಣ್ಯಕ್ಕೆ ಬಾಕ್ಸಿನಲ್ಲಿ ವಯರು ಸುರುಳಿ ಬಿಟ್ಟಿದ್ದರು. ಕಪ್ಪಾದ ತಾಮ್ರವನ್ನು ಹಾಗೇ ಹೊಸ ಸ್ಕ್ರೂ ಕೆಳಗೆ ಹಾಕಿದರೆ ಅಲ್ಲೊಂದು ಹೊಸ ಕೆಟ್ಟ ಸಂಪರ್ಕ ಮಾಡಿಟ್ಟ ಹಾಗೆ.

ಎಳೆಗಳನ್ನು ಹೊಸೆದು, ಒಂದೂ ಹೊರಗುಳಿಯದಂತೆ, ಪ್ಲಾಸ್ಟಿಕ್ ಸ್ಕ್ರೂ ಕೆಳಗೆ ಸಿಗದಂತೆ ಕೂರಿಸಿ ಬಿಗಿ ಮಾಡಿದೆ. ಆಮೇಲೆ ವಯರನ್ನು ಜಗ್ಗಿ ನೋಡಿದೆ. ಕೆಲವರು ತುದಿಗೆ ಬೆಸುಗೆ ಸೀಸ ಹಾಕುತ್ತಾರೆ. ಸ್ಕ್ರೂ ಕೆಳಗೆ ಬರುವ ತುದಿಗೆ ಅದು ಬೇಡ. ಸೀಸ ಒತ್ತಡಕ್ಕೆ ನಿಧಾನವಾಗಿ ಜರುಗಿ, ಬಿಗಿ ಮಾಡಿದ ಸ್ಕ್ರೂ ಕೆಲವು ತಿಂಗಳಲ್ಲಿ ತಾನೇ ಸಡಿಲವಾಗುತ್ತದೆ. ಗೀಸರಿನ ವಯರಿನ ತುದಿಯನ್ನೂ ಹೀಗೇ ಕತ್ತರಿಸಿ ಹೊಸ ಪ್ಲಗ್ ಹಾಕಿದೆ. ವಯರಿನ ಭಾರ ಪ್ಲಗ್ಗನ್ನು ಕೆಳಕ್ಕೆ ಜಗ್ಗದ ಹಾಗೆ ಗೋಡೆಗೆ ಒಂದು ಕ್ಲಿಪ್ ಹೊಡೆದೆ.

ಮತ್ತೆ ಇಪ್ಪತ್ತು ನಿಮಿಷ ಗೀಸರ್ ನಡೆಸಿ ಅಳೆದೆ. ಫೇಸ್ ಕಡೆ 0.04 ವೋಲ್ಟ್, ನ್ಯೂಟ್ರಲ್ ಕಡೆಯೂ 0.04. ಕೋಲಿನಿಂದ ವಯರು ಅಲ್ಲಾಡಿಸಿದರೂ ಅಂಕಿ ಕದಲಲಿಲ್ಲ. ಸಾಕೆಟ್ ಮುಖ 31 ಡಿಗ್ರಿ, ಎರಡೂ ಕಡೆ ಒಂದೇ.

ಮೀಟರ್ ಇಲ್ಲದೆ ಮನೆಯವರು ನೋಡಿಕೊಳ್ಳುವುದು ಹೇಗೆ ಅಂತ ಸೊಸೆ ಕೇಳಿದರು. ಗೀಸರ್ ಇಪ್ಪತ್ತು ನಿಮಿಷ ನಡೆದ ಮೇಲೆ ಸ್ವಿಚ್ ಆಫ್ ಮಾಡಿ, ಒಣಗಿದ ಕೈಯ ಹಿಂಭಾಗವನ್ನು ಪ್ಲಗ್ಗಿನ ಮೈಗೆ ತಾಗಿಸಿ. ಉಗುರುಬೆಚ್ಚಗಿದ್ದರೆ ತೊಂದರೆ ಇಲ್ಲ. ಕೈ ಇಟ್ಟುಕೊಳ್ಳಲು ಆಗದಷ್ಟು ಬಿಸಿ ಇದ್ದರೆ, ಅಥವಾ ಒಂದು ತೂತಿನ ಕಡೆ ಇನ್ನೊಂದಕ್ಕಿಂತ ಬಿಸಿ ಜಾಸ್ತಿ ಇದ್ದರೆ, ಆ ಸಾಕೆಟ್ ಮತ್ತೆ ಬಳಸಬೇಡಿ. ಕೂಡಲೇ ಪ್ಲಗ್ ಕಿತ್ತು ಪಿನ್ನನ್ನು ಬೆರಳಿನಿಂದ ಮುಟ್ಟಿ ನೋಡಬೇಡಿ. ಕೆಟ್ಟಿದ್ದರೆ ಅದು ಬೊಬ್ಬೆ ಬರಿಸುವಷ್ಟು ಬಿಸಿ ಇರುತ್ತದೆ.

"ಹಾಗಾದ್ರೆ ಇದನ್ನೂ ಒಂದು ನೋಡಿ" ಅಂತ ಅವರು ಅಡುಗೆಮನೆಗೆ ಕರೆದುಕೊಂಡು ಹೋದರು. ಇಂಡಕ್ಷನ್ ಒಲೆಯ ಪ್ಲಗ್ ಬಿಸಿಯಾಗುತ್ತದಂತೆ. ನೋಡಿದರೆ ಅದು ಬೇರೆಯೇ ಕಥೆ. 2000 ವ್ಯಾಟಿನ ಒಲೆಯ ದಪ್ಪ ಪ್ಲಗ್ಗನ್ನು ಒಂದು ಕನ್ವರ್ಟರ್ ಮೂಲಕ 6 ಆಂಪಿಯರಿನ ಸಣ್ಣ ಸಾಕೆಟ್‌ಗೆ ಹಾಕಿದ್ದರು. ಅಲ್ಲಿ ಎರಡು ಪಿನ್ನೂ ಸಮವಾಗಿ ಬಿಸಿ, ಬೋರ್ಡಿನಿಂದ ಹೊರಗೆ ಕಾಣುವ ವಯರೂ ಬೆಚ್ಚಗೆ. ಯಾವ ಸಂಪರ್ಕವೂ ಸಡಿಲ ಇರಲಿಲ್ಲ. 6 ಆಂಪಿಯರಿನ ಸಾಮಾನಿನ ಮೇಲೆ ಎಂಟೂವರೆ ಆಂಪಿಯರ್ ಹೊರೆ, ಅಷ್ಟೇ. ಅಲ್ಲಿ ಪ್ಲಗ್ ಬದಲಿಸಿ ಪ್ರಯೋಜನ ಇಲ್ಲ. ಕನ್ವರ್ಟರ್ ಕಿತ್ತು ಅವರ ಕೈಗೆ ಕೊಟ್ಟೆ. ಆ ಒಲೆಗೆ ಎಂಸಿಬಿಗಳಿರುವ ಮೇನ್ ಬೋರ್ಡಿನಿಂದ ಬೇರೆ 2.5ರ ವಯರು ಎಳೆದು 16 ಆಂಪಿಯರ್ ಸಾಕೆಟ್ ಹಾಕಲು ಮುಂದಿನ ಸೋಮವಾರ ಬರುತ್ತೇನೆ ಅಂತ ಹೇಳಿ ಹೊರಟೆ.